ಹಿಗ್ಗಿಸಿದರೆ ಕಾಣುವುದೇನು?

ಪತ್ತೇದಾರಿ ಚಲಚ್ಚಿತ್ರಗಳಲ್ಲಿ ಒಂದು ದೃಶ್ಯ ಪದೇ ಪದೇ ಬರುವುದುಂಟು. ರಸ್ತೆಯ ಕ್ಯಾಮೆರಾ ತೆಗೆದ ಮಸುಕು ಚಿತ್ರವನ್ನು ಹಿಗ್ಗಿಸುವಂತೆ ಅಧಿಕಾರಿಯು ಹೇಳುತ್ತಾನೆ. ಓಡಿಹೋದ ಕಾರಿನ ನಂಬರು ಕ್ಷಣಾರ್ಧದಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಇದು ಸಾಧ್ಯವೆ? ಲೆಕ್ಕಮಾಡಿ ನೋಡೋಣ.

ಮುಧೋಳದ ಒಂದು ರಸ್ತೆಯ ಬದಿಯಲ್ಲಿ ಕ್ಯಾಮೆರಾ ಇದೆಯೆಂದು ಭಾವಿಸಿರಿ. ಅದರ ಚಿತ್ರದಲ್ಲಿ ಅಡ್ಡಲಾಗಿ 1920 ಪಿಕ್ಸೆಲುಗಳು, ಎಂದರೆ ಬೆಳಕಿನ ಅಳತೆಯನ್ನು ದಾಖಲಿಸುವ ಸಣ್ಣ ಚೌಕಗಳು, ಇವೆ. 30 ಮೀಟರು ದೂರದಲ್ಲಿ ಅದು 60 ಮೀಟರು ಅಗಲದ ನೋಟವನ್ನು ಹಿಡಿಯುವುದಾದರೆ, ಒಂದು ಮೀಟರಿಗೆ ದೊರೆಯುವುದು 32 ಪಿಕ್ಸೆಲು ಮಾತ್ರ. ಕಾರಿನ ನಂಬರು ಫಲಕದ ಅಗಲ ಅರ್ಧ ಮೀಟರು. ಅದರ ಪಾಲಿಗೆ ಬರುವುದು 16. ಜಮಖಂಡಿಯಲ್ಲಿ ನೋಂದಣಿಯಾದ ಕಾರಿನ ಫಲಕದಲ್ಲಿ ‘ಕೆಎ 48’ ಮೊದಲ್ಗೊಂಡು ಹತ್ತು ಅಕ್ಷರ ಅಂಕಿಗಳಿದ್ದರೆ, ಒಂದೊಂದಕ್ಕೆ ಎರಡು ಪಿಕ್ಸೆಲೂ ಸಿಕ್ಕುವುದಿಲ್ಲ.

ಪ್ರತಿಯೊಂದು ಪಿಕ್ಸೆಲು ತನ್ನ ಮೇಲೆ ಬಿದ್ದ ಬೆಳಕಿನ ಸರಾಸರಿಯನ್ನಷ್ಟೇ ಬರೆದಿಡುತ್ತದೆ. ಆದುದರಿಂದ 3 ಮತ್ತು 8 ಇಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಬೂದು ಕಲೆಗಳಾಗುತ್ತವೆ. ಎರಡು ಸಂಖ್ಯೆಗಳ ಮೊತ್ತ 10 ಎಂದು ಮಾತ್ರ ತಿಳಿದಾಗ, ಅವು 4 ಮತ್ತು 6 ಎಂದೋ 3 ಮತ್ತು 7 ಎಂದೋ ಹೇಗೆ ಹೇಳಬಲ್ಲೆವು? ಚಿತ್ರವನ್ನು ಹಿಗ್ಗಿಸುವಾಗ ಗಣಕವು 40 ಮತ್ತು 80 ಎಂಬ ನೆರೆಯ ಅಳತೆಗಳ ನಡುವೆ 60ನ್ನು ತುಂಬುತ್ತದೆ. ಚಿತ್ರ ನಯವಾಗುತ್ತದೆ; ತಿಳಿವಳಿಕೆ ಹೆಚ್ಚುವುದಿಲ್ಲ. ಚಿತ್ರ ತೆಗೆಯುವ ಮೊದಲೇ ಮಸೂರದಿಂದ ಹತ್ತುಪಟ್ಟು ಜೂಮ್ ಮಾಡಿದ್ದರೆ ಮಾತು ಬೇರೆ: ಆಗ ಫಲಕಕ್ಕೆ 160 ಪಿಕ್ಸೆಲು ದೊರೆತು ನಂಬರನ್ನು ಓದಬಹುದಿತ್ತು.

ಹಾಗಾದರೆ ಚಿತ್ರಸಂಸ್ಕರಣ ವ್ಯರ್ಥವೆ? ಅಲ್ಲ. ಕತ್ತಲೆಯ ಚಿತ್ರದಲ್ಲಿ 10 ಮತ್ತು 14 ಎಂಬ ಅಳತೆಗಳು ಕಣ್ಣಿಗೆ ಒಂದೇ ಆಗಿ ತೋರುತ್ತವೆ. ಅವುಗಳ ಅಂತರವನ್ನು ಹಿಗ್ಗಿಸಿದರೆ ಅಡಗಿದ್ದ ಆಕಾರವು ಎದ್ದು ಕಾಣುತ್ತದೆ, ಅದರೊಡನೆ ಕ್ಯಾಮೆರಾದ ದೋಷಕಣಗಳೂ ಏಳುತ್ತವೆ. ಚಲಿಸುವ ಕಾರಿನ ಹಲವು ಚಿತ್ರಗಳಿದ್ದರೆ ಇನ್ನೂ ಲಾಭವುಂಟು. ಪ್ರತಿ ಚಿತ್ರದಲ್ಲಿಯೂ ಫಲಕವು ಚೌಕಗಳ ಮೇಲೆ ತುಸು ಸರಿದು ಬೀಳುವುದರಿಂದ ಅವು ಬೇರೆ ಬೇರೆ ಅಳತೆಗಳಾಗುತ್ತವೆ. ಕೂಡಿಸಿದಾಗ ಸ್ವಲ್ಪ ಹೆಚ್ಚಿನ ವಿವರ ನಿಜವಾಗಿಯೂ ದೊರೆಯುತ್ತದೆ.

ಇಂದಿನ ಕೆಲವು ಗಣಕ ವಿಧಾನಗಳು ಮತ್ತೊಂದು ದಾರಿ ಹಿಡಿಯುತ್ತವೆ. ಬೇರೆ ಸಾವಿರಾರು ಚಿತ್ರಗಳಿಂದ ಕಲಿತದ್ದನ್ನು ಆಧಾರವಾಗಿಟ್ಟುಕೊಂಡು ಮಸುಕಿನ ಜಾಗದಲ್ಲಿ ಚೊಕ್ಕವಾದ ಅಂಕಿಯನ್ನೇ ಬರೆಯುತ್ತವೆ. ಅದು ಊಹೆ, ಸಾಕ್ಷ್ಯವಲ್ಲ. ಊಹೆಯ 8ನ್ನು ನಂಬಿದರೆ, 3 ಇದ್ದ ಕಾರಿನವನು ಪಾರಾಗಿ ನಿರಪರಾಧಿಯ ಮನೆಗೆ ಪೋಲೀಸರು ಹೋದಾರು.

ಇದನ್ನು ಪರೀಕ್ಷಿಸುವ ಉಪಾಯವೊಂದಿದೆ. 3 ಇರುವ ಫಲಕವನ್ನೂ 8 ಇರುವ ಫಲಕವನ್ನೂ ಅದೇ ಕ್ಯಾಮೆರಾದಿಂದ, ಅದೇ ದೂರದಿಂದ, ಅಂಥದೇ ಬೆಳಕಿನಲ್ಲಿ ತೆಗೆಯಬೇಕು. ಎರಡೂ ಒಂದೇ ಕಲೆಯಾಗಿ ಮೂಡಿದರೆ, ಮೂಲ ಚಿತ್ರಕ್ಕೆ ಆ ಭೇದವು ತಿಳಿದೇ ಇರಲಿಲ್ಲ. ಆದಕಾರಣ ಸಂಸ್ಕರಿಸಿದ ಚಿತ್ರವನ್ನು ಯಾರೇ ಮುಂದಿಡಲಿ, ಮೂಲ ಚಿತ್ರವನ್ನೂ ಅದರ ಮೇಲೆ ನಡೆಸಿದ ಕ್ರಿಯೆಗಳ ವಿವರವನ್ನೂ ಜೊತೆಯಲ್ಲಿಯೇ ಕೇಳಬೇಕೆಂಬುದು ನನ್ನ ಅಭಿಪ್ರಾಯ.