ಉಚ್ಚಾರಣ ಪಾಠ: ಹಲ್ಲಿನ ‘ವಿ’, ತುಟಿಯ ‘ಡಬ್ಲ್ಯೂ’

ಇಂಗ್ಲಿಷಿನಲ್ಲಿ ಬನಿಯನ್ನಿಗೂ ‘ವೆಸ್ಟ್’, ಪಡುವಣ ದಿಕ್ಕಿಗೂ ‘ವೆಸ್ಟ್’. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ. ನಮ್ಮ ಮಕ್ಕಳ ಬಾಯಲ್ಲಿಯೂ ಎರಡೂ ಒಂದೇ. ಆದರೆ ಮೊದಲನೆಯದು ‘ವಿ’ ಅಕ್ಷರದಿಂದಲೂ ಎರಡನೆಯದು ‘ಡಬ್ಲ್ಯೂ’ ಅಕ್ಷರದಿಂದಲೂ ಆರಂಭವಾಗುತ್ತವೆ. ಇಂಗ್ಲಿಷರ ಕಿವಿಗೆ ಅವು ಬೇರೆ ಬೇರೆ ಶಬ್ದಗಳು. ಉಕ್ತಲೇಖನದಲ್ಲಿ ‘ವಿಲೇಜ್’ ಎಂಬುದನ್ನು ಡಬ್ಲ್ಯೂ ಹಾಕಿ ಬರೆಯುವ ವಿದ್ಯಾರ್ಥಿಯ ತಪ್ಪಿಗೆ ಹಲವು ವೇಳೆ ಅಜಾಗ್ರತೆಯಲ್ಲ, ಈ ಕಿವಿಯ ಗೊಂದಲವೇ ಕಾರಣ.

ಗೊಂದಲದ ಮೂಲ ನಮ್ಮ ವಕಾರದಲ್ಲಿದೆ. ವ್ಯಾಕರಣಕಾರರು ಅದನ್ನು ದಂತೋಷ್ಠ್ಯವೆಂದು ಕರೆದಿದ್ದಾರೆ. ‘ವನ’ ಎನ್ನುವಾಗ ಕೆಳದುಟಿಯು ಮೇಲಿನ ಹಲ್ಲಿನ ಸಮೀಪಕ್ಕೆ ಹೋಗುತ್ತದೆ, ಆದರೆ ಗಾಳಿಯನ್ನು ಒತ್ತಿ ಹಿಡಿಯುವುದಿಲ್ಲ. ಹೀಗಾಗಿ ನಮ್ಮ ವಕಾರವು ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ನಿಲ್ಲುತ್ತದೆ. ಕಾಸರಗೋಡಿನ ಮಕ್ಕಳು ಮನೆಯಲ್ಲಿ ತುಳುವನ್ನಾಗಲಿ ನೆರೆಯಲ್ಲಿ ಮಲಯಾಳವನ್ನಾಗಲಿ ಆಡಿದರೂ ಅಲ್ಲಿಯೂ ಇಂಥ ಒಂದೇ ವಕಾರ. ಆದುದರಿಂದ ಆ ಭಾಷೆಗಳಿಂದಲೂ ಇಲ್ಲಿ ನೆರವು ದೊರೆಯದು.

ಮೊದಲು ‘ವಿ’ಯನ್ನು ಕಲಿಸೋಣ. ‘ಕಾಫಿ’ ಎಂಬಲ್ಲಿಯ ಫಕಾರವೇ ಇದರ ಮೆಟ್ಟಿಲು. ಕೆಳದುಟಿಯ ಒಳ ಅಂಚನ್ನು ಮೇಲಿನ ಹಲ್ಲಿನ ತುದಿಗೆ ಹಗುರವಾಗಿ ತಾಗಿಸಿ ‘ಫ್‌ಫ್‌ಫ್’ ಎಂದು ಗಾಳಿ ಬಿಡಬೇಕು. ‘ಕಾಪಿ’ ಎನ್ನುವ ರೂಢಿಯುಳ್ಳ ಮಗುವಿಗೆ ಮೊದಲು ಇದನ್ನೇ ಸರಿಪಡಿಸಬೇಕು. ಅನಂತರ ಗಂಟಲಿನ ಮೇಲೆ ಬೆರಳಿಟ್ಟು, ತುಟಿಯನ್ನು ಅಲುಗಿಸದೆಯೇ ಸ್ವರವನ್ನು ಸೇರಿಸಲಿ. ಗಂಟಲಿನಲ್ಲಿ ಕಂಪನ, ತುಟಿಯಲ್ಲಿ ಜೇನುನೊಣದ ಗುಂಯ್‌ಗುಡುವಿಕೆ, ತುಟಿಗೆ ಒಂದು ಬಗೆಯ ಕಚಗುಳಿ ತೋರಿದರೆ ಅದೇ ‘ವಿ’ಯ ಧ್ವನಿ. ತುಟಿಯನ್ನು ಗಟ್ಟಿಯಾಗಿ ಕಚ್ಚಿದರೆ ಗಾಳಿ ನಿಂತುಬಿಡುತ್ತದೆ. ಮೇಲ್ದುಟಿ ಕೆಳಗಿಳಿದು ಕೂಡಿಕೊಂಡರೆ ‘ಬ’ ಹೊರಡುತ್ತದೆ.

‘ಡಬ್ಲ್ಯೂ’ವಿಗೆ ನಮ್ಮ ಸಂಧಿಪಾಠವೇ ದಾರಿ. ಸು ಮತ್ತು ಆಗತ ಸೇರಿ ಸ್ವಾಗತವಾಗುವ ಯಣ್ ಸಂಧಿಯಲ್ಲಿ ಉಕಾರವು ವಕಾರವಾಗುವುದನ್ನು ಮಕ್ಕಳು ಬಲ್ಲರು. ಹಾಗೆಯೇ ತುಟಿಗಳನ್ನು ‘ಉ’ ಎನ್ನುವಂತೆ ದುಂಡಗೆ ಮುಂದಕ್ಕೆ ಚಾಚಿ, ‘ಉ-ಎಸ್ಟ್’ ಎಂದು ನಿಧಾನವಾಗಿ ಹೇಳಿಸಿ, ಅನಂತರ ಎರಡನ್ನೂ ಬೇಗಬೇಗ ಕೂಡಿಸಿದರೆ ದಿಕ್ಕಿನ ಹೆಸರು ತಾನಾಗಿ ಬರುತ್ತದೆ. ಇಲ್ಲಿ ಹಲ್ಲು ತುಟಿಯನ್ನು ಮುಟ್ಟಲೇಬಾರದು.

ಒಂದು ಸಣ್ಣ ಕನ್ನಡಿಯಿದ್ದರೆ ಸಾಕು. ‘ವಿ’ಯಲ್ಲಿ ಮೇಲಿನ ಹಲ್ಲಿನ ತುದಿ ಕಾಣುತ್ತದೆ, ‘ಡಬ್ಲ್ಯೂ’ವಿನಲ್ಲಿ ದುಂಡಗಾದ ತುಟಿಗಳ ಹಿಂದೆ ಹಲ್ಲು ಮರೆಯಾಗುತ್ತದೆ. ಕಿವಿಗೂ ಒಂದು ಪರೀಕ್ಷೆಯುಂಟು: ಧ್ವನಿಯನ್ನು ಮೂರೆಣಿಕೆಯಷ್ಟು ಎಳೆಯಿರಿ. ‘ವಿ’ಯು ಗುಂಯ್‌ಗುಡುತ್ತಲೇ ಇರುತ್ತದೆ, ‘ಡಬ್ಲ್ಯೂ’ ಬರಿಯ ‘ಊ’ ಆಗುತ್ತದೆ.

ನಮ್ಮ ಶಾಲೆಯ ಏಳನೆಯ ತರಗತಿಯ ಒಬ್ಬ ಹುಡುಗಿ ದ್ರಾಕ್ಷಿ ಬಳ್ಳಿಯ ‘ವೈನ್’, ಮದ್ಯದ ‘ವೈನ್’ ಎರಡನ್ನೂ ತುಟಿ ದುಂಡಗೆ ಮಾಡಿಯೇ ಓದುತ್ತಿದ್ದಳು. ಅವಳಿಗೆ ‘ಫೈನ್’ ಎಂದು ಓದಿಸಿದೆ. ಅದು ಸರಿಯಾಗಿ ಬಂತು. ತುಟಿಯನ್ನು ಅಲ್ಲಿಯೇ ಇರಿಸಿ ಗಂಟಲಿನ ಸ್ವರ ಮಾತ್ರ ಸೇರಿಸಲು ಹೇಳಿದಾಗ ಬಳ್ಳಿಯ ಹೆಸರು ಹೊರಟಿತು. ‘ಉ-ಐನ್’ ಎಂದಾಗ ಮದ್ಯದ ಹೆಸರು. ಮರುದಿನ ನಾನು ಪುಸ್ತಕದಿಂದ ಬಾಯಿ ಮುಚ್ಚಿಕೊಂಡು ಈ ಎರಡನ್ನು ಹತ್ತು ಸಲ ಬೆರಸಿ ಹೇಳಿದೆ. ಬಳ್ಳಿಗೆ ಎಡಗೈ, ಮದ್ಯಕ್ಕೆ ಬಲಗೈ ಎತ್ತುವುದು ಅವಳ ಕೆಲಸ. ಆರು ಮಾತ್ರ ಸರಿಯಾದವು. ಊಹಿಸಿಯೇ ಐದು ಸರಿಯಾಗಬಹುದಾದ್ದರಿಂದ ಇದನ್ನು ಕಲಿಕೆಯೆಂದು ಎಣಿಸಲಿಲ್ಲ. ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಸಾಗಿದ ಮೇಲೆ ಒಂಬತ್ತು ಸರಿಯಾದವು.

ಇಲ್ಲಿ ಒಂದು ಎಚ್ಚರ ಬೇಕು. ಹೊಸದಾಗಿ ತುಟಿ ದುಂಡಗೆ ಮಾಡಲು ಕಲಿತ ಮಗು ‘ವೆರಿ’ಯನ್ನೂ ‘ಉಎರಿ’ ಮಾಡಿಬಿಡುವುದುಂಟು. ಆದುದರಿಂದ ಎರಡೂ ಧ್ವನಿಗಳಿರುವ ಶಬ್ದಗಳನ್ನು ಬೇಗನೆ ಕೊಡಬೇಕು. ಅಲೆ ಎಂಬರ್ಥದ ‘ವೇವ್’ ತುಟಿಯಿಂದ ಹೊರಟು ಹಲ್ಲಿನಲ್ಲಿ ಮುಗಿಯುತ್ತದೆ. ‘ಟ್ವೆಲ್ವ್’ ಸಹ ಹಾಗೆಯೇ.

ಅಕ್ಷರವನ್ನೂ ಕುರುಡಾಗಿ ನಂಬಲಾಗದು. ‘ರೈಟ್’, ‘ಹೂ’ ಎಂಬಲ್ಲಿ ಡಬ್ಲ್ಯೂ ಬರಹದಲ್ಲಿದ್ದರೂ ಮೌನ. ಒಂದು ಎಂಬರ್ಥದ ‘ವನ್’ ಓಕಾರದಿಂದ ಬರೆಯಲ್ಪಟ್ಟರೂ ತುಟಿ ದುಂಡಗಾಗಬೇಕು. ‘ಆಫ್’ ಎಂದು ನಾವು ಓದುವ ಷಷ್ಠಿಯರ್ಥದ ಪುಟ್ಟ ಶಬ್ದದ ಕೊನೆಯಲ್ಲಿ ಎಫ್ ಅಕ್ಷರವಿದ್ದರೂ, ಬಾಯಲ್ಲಿ ಹೊರಡಬೇಕಾದದ್ದು ‘ವಿ’ಯ ಧ್ವನಿಯೇ.