ಕೈಮುಗಿದ ಬ್ಯಾನರಿನಲ್ಲಿ ಆರನೇ ಬೆರಳು

ನಮ್ಮ ಸೇಡಂ, ಕೋಡ್ಲಾ ಕಡೆ ಬ್ಯಾನರ್ ಅಂದರೆ ಕೈಮುಗಿದ ಮನುಷ್ಯ. ಈಗ ಫ್ಲೆಕ್ಸ್ ಅಂಗಡಿಗಳಲ್ಲಿ ಮುಖ ಒಂದು ಪಾಸ್‌ಪೋರ್ಟ್ ಫೋಟೋದ್ದು, ನಿಂತ ಭಂಗಿ ಮತ್ತೊಬ್ಬರ ಫೋಟೋದ್ದು, ತೋಳು ಕಂಪ್ಯೂಟರ್ ತಾನೇ ಬಿಡಿಸಿದ್ದು. ಮೂರೂ ಕೂಡಿದಾಗ ಕೆಡುವುದು ಬೆರಳು ಮತ್ತು ಮಣಿಕಟ್ಟು. ಹುಡುಗರು ಮತ್ತೆ ಮತ್ತೆ ಬಟನ್ ಒತ್ತುತ್ತಾರೆ. ನನ್ನ ಪ್ರಕಾರ ಅದು ಬರೀ ಕರೆಂಟ್ ಖರ್ಚು.

ಕಾರಣ ನೋಡಿ. ಓಪನ್‌ಪೋಸ್‌ನ ಸಾದಾ ಭಂಗಿಯಲ್ಲಿ ಮೈಗೆ 18 ಚುಕ್ಕೆ, ಅವು ಮಣಿಕಟ್ಟಿಗೇ ನಿಲ್ಲುತ್ತವೆ. ಮುಂದಿನ ಬೆರಳೆಲ್ಲ ಊಹೆ. ಸ್ಟೇಬಲ್ ಡಿಫ್ಯೂಷನ್ 1.5 ಚಿತ್ರವನ್ನು 8 ಪಿಕ್ಸೆಲ್‌ನ ಚೌಕಗಳಾಗಿ ಇಟ್ಟುಕೊಂಡು ಕೆಲಸ ಮಾಡುತ್ತದೆ. 512 ಪಿಕ್ಸೆಲ್‌ ಚಿತ್ರದಲ್ಲಿ ಇಡೀ ಮನುಷ್ಯ ನಿಂತರೆ ಅಂಗೈ 40 ಪಿಕ್ಸೆಲ್ ಇದ್ದೀತು, ಅಂದರೆ ಐದೇ ಚೌಕ. ಬೆರಳಿಗೊಂದು ಚೌಕ ಸಿಕ್ಕರೆ ಗಂಟು ಎಲ್ಲಿ ಮೂಡಬೇಕು?

ಹಾಗಾಗಿ ಚಿತ್ರಕ್ಕಿಂತ ಮೊದಲು ಭಂಗಿ ಸರಿಮಾಡಬೇಕು. `dw_openpose_full` ಆರಿಸಿದರೆ ಪ್ರತಿ ಕೈಗೂ 21 ಚುಕ್ಕೆ ಬರುತ್ತವೆ: ಮಣಿಕಟ್ಟಿಗೆ ಒಂದು, ಬೆರಳಿಗೆ ನಾಲ್ಕು. ಆದರೆ ಕೈಮುಗಿದಾಗ ಒಂದು ಅಂಗೈ ಇನ್ನೊಂದನ್ನು ಮರೆಮಾಡುತ್ತದೆ, ಎರಡೂ ಕೈಯ ಚುಕ್ಕೆ ಸಿಕ್ಕುಬೀಳುತ್ತವೆ. ಆರನೇ ಬೆರಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಮರೆಯಾದ ಕೈಯ ಚುಕ್ಕೆ ತೆಗೆದುಬಿಡಿ. ಮೊಣಕೈಯಿಂದ ಬಂದ ಗೆರೆ ಮಣಿಕಟ್ಟಿನ ಚುಕ್ಕೆಗೆ ನೇರವಾಗಿ ಸೇರುತ್ತದೆಯೇ ನೋಡಿ, ಇಲ್ಲದಿದ್ದರೆ ಚುಕ್ಕೆಯನ್ನೇ ಎಳೆದು ಕೂಡಿಸಿ.

ಆಮೇಲೆ ತಿದ್ದುವುದು. ಅಂಗೈಯ ಜೊತೆ ಮಣಿಕಟ್ಟು, ನಾಲ್ಕು ಬೆರಳಗಲ ಮುಂದೋಳೂ ಸೇರುವಂತೆ ಬಣ್ಣ ಬಳಿದು `Inpaint area` ಅನ್ನು `Only masked` ಮಾಡಿ. ಆಗ ಅಷ್ಟೇ ಭಾಗ ದೊಡ್ಡದಾಗಿ ಬಿಡಿಸಿಕೊಂಡು, ಮತ್ತೆ ಚಿಕ್ಕದಾಗಿ ಜಾಗಕ್ಕೆ ಕೂರುತ್ತದೆ. ಅಂಗೈ ಮಾತ್ರ ಬಳಿದರೆ ಮಣಿಕಟ್ಟಿನಲ್ಲಿ ಬಳೆ ಹಾಕಿದಂತೆ ಗೆರೆ ಉಳಿಯುತ್ತದೆ. `Denoising strength` ಸುಮಾರು 0.5ರಿಂದ ಶುರುಮಾಡಿ. 0.2ಕ್ಕೆ ಹಳೇ ಬೆರಳು ಹೋಗುವುದಿಲ್ಲ, 0.9ಕ್ಕೆ ತೋಳಿಗೆ ಸಂಬಂಧವಿಲ್ಲದ ಹೊಸ ಕೈ ಬರುತ್ತದೆ. ಕೊನೆಗೆ ಹೆಬ್ಬೆರಳು ನೋಡಿ: ಕೈಮುಗಿದಾಗ ಎರಡೂ ಎದೆಯ ಕಡೆ ಇರಬೇಕು. ಒಂದು ಹೊರಗಿದ್ದರೆ ಎಡ ಬಲ ಅದಲುಬದಲಾಗಿದೆ. (ಇಷ್ಟೆಲ್ಲ ಬೇಡವಾದರೆ ಅಂಗಡಿಯವನೇ ಕೈಮುಗಿದು ಮೊಬೈಲಿನಲ್ಲಿ ಫೋಟೋ ತೆಗೆದು ಅಂಟಿಸಲಿ. ಅದೇ ಬೇಗ.)

ನನ್ನ ತಕರಾರು ಬೇರೆಯೇ ಒಂದಿದೆ. ಶಹಾಬಾದ್ ಕಲ್ಲು, ವಾಡಿ ಸಿಮೆಂಟಿನ ಸೀಮೆ ನಮ್ಮದು. ಯಂತ್ರಕ್ಕೆ ಬೆರಳು ಕೊಟ್ಟವರು ಇಲ್ಲಿ ಇದ್ದಾರೆ. ಅಂಥವರ ಶ್ರದ್ಧಾಂಜಲಿ ಬ್ಯಾನರಿಗೂ ಈ ಸಾಫ್ಟ್‌ವೇರ್ ಐದೈದು ಬೆರಳು ತುಂಬುತ್ತದೆ, 21 ಚುಕ್ಕೆ ಇರಲೇಬೇಕೆಂದು ಅದು ನಂಬಿದೆ. ನಾಲ್ಕು ಬೆರಳಿನ ಕೈ ಅಲ್ಲಿ ತಪ್ಪಲ್ಲ, ಅದೇ ಅವರ ಕೈ. ಹಾಗಾಗಿ ಆರ್ಡರ್ ಬರೆದುಕೊಳ್ಳುವಾಗಲೇ ಮನೆಯವರಿಂದ ಅವರ ಕೈ ಕಾಣುವ ಒಂದು ಹಳೇ ಫೋಟೋ ಕೇಳಿ ತೆಗೆದುಕೊಳ್ಳಿ. ಅದು ಸಿಗದಿದ್ದರೆ ಮುಖ ಮಾತ್ರ ಹಾಕಿ, ಕೈ ಬೇಡ.