ಮದುವಿ ಮುಂದ ಕೂದಲ ಉದುರಿದ್ರ ಶಾಂಪೂ ಅಲ್ಲ, ಕ್ಯಾಲೆಂಡರ್ ನೋಡ್ರಿ

ನಮ್ಮ ಕಡೆ ಮದುವಿ ಗೊತ್ತಾದ ಹುಡುಗಿ "ಕೂದಲ ಉದುರಾಕತ್ತಾವ" ಅಂದ್ರ ಸಾಕು, ಎಲ್ಲಾರ ಬಾಯಾಗೂ ಒಂದ ಮಾತು: "ಟೆನ್ಷನ್ ತಗೋಬ್ಯಾಡವಾ." ಈ ಮಾತಿನ ಮ್ಯಾಲ ನನಗ ತಕರಾರೈತಿ. ಯಾಕಂತ ಒಂದು ಕತಿ ಕಟ್ಟಿ ಹೇಳ್ತೀನಿ, ಓದ್ರಿ.

ಇಳಕಲ್ಲಿನ ಒಬ್ಬ ಹುಡುಗಿ ಅಂತ ತಿಳ್ಕೋರಿ. ಮೇ ತಿಂಗಳ ನಡುವ ಮದುವಿ. ಜನವರಿಯೊಳಗ ಬಾದಾಮಿ ಬನಶಂಕರಿ ಜಾತ್ರಿಗೆ ಹೋಗಿ ಬಂದಾಕಿಗೆ ಎಂಟು ದಿನ ಸುಡು ಸುಡು ಜ್ವರ. ಜ್ವರ ಬಿಟ್ಟಿತು, ಆದರ ಬ್ಲೌಸಿನ ಅಳತಿ ಕೊಡೋ ದಿನ ಹತ್ರ ಬಂತು. ಸಣ್ಣ ಕಾಣಬೇಕಲ್ಲ? ರೊಟ್ಟಿ ಬಂದ್, ಕಾಳಪಲ್ಯ ಬಂದ್. ಮುಂಜಾನೆ ಲಿಂಬಿ ನೀರು, ಮಧ್ಯಾಹ್ನ ಸೌತಿಕಾಯಿ, ರಾತ್ರಿ ಒಂದು ಕಪ್ ಹಾಲು. ಆರು ವಾರದಾಗ ಏಳು ಕಿಲೋ ಇಳೀತು. ಎಲ್ಲಾರೂ ಶಹಬ್ಬಾಸ್ ಅಂದ್ರು. ಆವಾಗ ಕೂದಲಿಗೆ ಏನೂ ಆಗಿರಲಿಲ್ಲ ನೋಡ್ರಿ, ಮೋಸ ಇರೋದು ಅಲ್ಲೇ.

ಏಪ್ರಿಲ್ ನಡುವ ಬಾಚಿದ್ರ ಹಿಡಿ ಹಿಡಿ ಕೂದಲ ಬರಾಕತ್ತಿದವು. ಬಚ್ಚಲದ ಜಾಳಿಗಿ ಕಟ್ಟಿತು. ಅವ್ವ ಬೋರಿನ ನೀರು ಅಂದ್ಲು, ಚಿಗವ್ವ ಹೊಸಾ ಶಾಂಪೂ ಅಂದ್ಲು. ಎಣ್ಣಿ ಬಂತು, ಬಯೋಟಿನ್ ಗುಳಿಗಿ ಬಂತು. ಯಾವುದಕ್ಕೂ ಉದುರೋದು ನಿಲ್ಲಲಿಲ್ಲ. ಕಡೀಕ ಹುನಗುಂದ ದಾಟಿ ಬಾಗಲಕೋಟಿಗೆ, ಚರ್ಮದ ಡಾಕ್ಟರ್ ಹತ್ರ ಹೋದ್ಲು. ಡಾಕ್ಟರ್ ಎಣ್ಣಿ ಹೆಸರು ಕೇಳಲೇ ಇಲ್ಲ. "ಮೂರು ತಿಂಗಳ ಹಿಂದ ಏನಾಗಿತ್ತವಾ?" ಅಂತ ಕೇಳಿದ್ರು.

ಯಾಕಂದ್ರ ತಲಿಮ್ಯಾಲಿನ ಕೂದಲ ಎಲ್ಲಾ ಒಮ್ಮೆಲೇ ಬೆಳೆಯೋದಿಲ್ಲ. ನೂರರೊಳಗ 85-90 ಬೆಳೀತಿರತಾವ, ಉಳದವು ವಿಶ್ರಾಂತಿಯೊಳಗ ಇರತಾವ. ಜೋರ ಜ್ವರ, ಉಪವಾಸ, ಆಪರೇಶನ್, ಹೆರಿಗಿ, ಇಂಥಾ ಪೆಟ್ಟು ಬಿದ್ರ ಭಾಳಷ್ಟು ಕೂದಲ ಒಟ್ಟಿಗೆ ವಿಶ್ರಾಂತಿಗೆ ಹೋಗತಾವ. ಆದರ ಅವು ಆವತ್ತೇ ಬೀಳೋದಿಲ್ಲ. ಎರಡು ಮೂರು ತಿಂಗಳ ಅಲ್ಲೇ ಕುಂತು, ಆಮ್ಯಾಲೆ ಒಟ್ಟಿಗೆ ಉದುರತಾವ. ಇದಕ್ಕ ಟೆಲೋಜೆನ್ ಎಫ್ಲೂವಿಯಂ ಅಂತಾರ. ಅಂದ್ರ ಆಕಿ ಏಪ್ರಿಲ್ಲಿನಾಗ ಬೈದ ಶಾಂಪೂವಿಂದು ಏನೂ ತಪ್ಪಿಲ್ಲ. ಲೆಕ್ಕ ಜನವರಿ, ಫೆಬ್ರವರಿದು.

ನನ್ನ ತಕರಾರೂ ಇದೇ. ದೇಹದ ಲೆಕ್ಕದಾಗ ಒತ್ತಡ ಅಂದ್ರ ಬರೇ ಮನಸಿನ ಚಿಂತಿ ಅಲ್ಲ, ಜ್ವರಾನೂ ಹೌದು, ಹಸಿವೂ ಹೌದು. "ಟೆನ್ಷನ್" ಅಂತ ಹುಡುಗಿ ತಲಿಮ್ಯಾಲೇ ಹೊರಸಿಬಿಟ್ರ ಆಕಿ ಊಟ ಬಿಟ್ಟಿದ್ದನ್ನ ಯಾರೂ ಕೇಳೋದಿಲ್ಲ. ಮದುವಿಗೆ ಸಣ್ಣ ಆಗು ಅಂತ ಹೇಳಿದವರೇ ಆಮ್ಯಾಲೆ ಟೆನ್ಷನ್ ಬ್ಯಾಡ ಅಂತಾರ!

ಡಾಕ್ಟರ್ 50-60 ಕೂದಲ ಬೆರಳಾಗ ಹಿಡಿದು ಮೆಲ್ಲಕ ಜಗ್ಗಿದ್ರು, ಹತ್ತು ಕೈಯಾಗ ಬಂದವು. ಬುಡದಾಗ ಸಣ್ಣ ಬಿಳಿ ಗಂಟು. ವಿಶ್ರಾಂತಿಗೆ ಹೋದ ಕೂದಲದ ಗುರುತು ಅದು. ಕೂದಲ ಎಲ್ಲಾ ಕಡೆ ತೆಳ್ಳಗಾಗಿದ್ವು, ಎಲ್ಲೂ ಬೋಳು ಕಲಿ ಇರಲಿಲ್ಲ. ಗುಂಡಗ ಕಲಿ ಬಿದ್ದಿದ್ರ, ನೆತ್ತಿ ಕೆಂಪಾಗಿ ಹೊಟ್ಟು ಏಳ್ತಿದ್ರ, ಬೈತಲಿ ವರ್ಷಗಟ್ಟಲೆ ಅಗಲ ಆಗ್ತಾ ಬಂದಿದ್ರ ಅದು ಬ್ಯಾರೆ ರೋಗ, ಬ್ಯಾರೆ ಔಷಧ.

ರಕ್ತ ಪರೀಕ್ಷೆ ಬರದ್ರು: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್. ಫೆರಿಟಿನ್ ಅಂದ್ರ ದೇಹದಾಗಿನ ಕಬ್ಬಿಣದ ದಾಸ್ತಾನು. ಹಿಮೋಗ್ಲೋಬಿನ್ ಸರಿ ಇದ್ರೂ ಇದು ಖಾಲಿ ಇರಬಹುದು, ಆಕಿದು ಹಂಗೇ ಇತ್ತು. ಬಯೋಟಿನ್ ಗುಳಿಗಿ ವಿಷಯ ಮೊದಲೇ ಹೇಳಿದ್ದು ಚಲೋ ಆತು. ಹೆಚ್ಚು ಬಯೋಟಿನ್ ತಗೊಂಡ್ರ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು, ಹಂಗಾಗಿ ಡಾಕ್ಟರ್ ಅದನ್ನ ಬಿಡಸಿ, ಕೆಲವು ದಿನ ಆದಮ್ಯಾಲೆ ರಕ್ತ ತಗೊಂಡ್ರು.

ಆಮ್ಯಾಲೆ ಕಬ್ಬಿಣದ ಗುಳಿಗಿ, ಮತ್ತ ರೊಟ್ಟಿ, ಹೆಸರುಕಾಳು, ಮೊಸರು, ತತ್ತಿ. ಮದುವಿಯೊಳಗ ಕೂದಲ ದಪ್ಪ ಆಗ್ತಾವ ಅಂತ ಡಾಕ್ಟರ್ ಸುಳ್ಳು ಹೇಳಲಿಲ್ಲ. ಉದುರೋದು ಸಾಮಾನ್ಯವಾಗಿ ಆರು ತಿಂಗಳೊಳಗ ನಿಲ್ಲತದ, ಆದರ ಕೂದಲ ಬೆಳೆಯೋದು ತಿಂಗಳಿಗೆ ಸುಮಾರು 1 ಸೆಂ.ಮೀ. ಮೊದಲಿನ ಜಡಿ ಬೇಕಂದ್ರ ಎರಡು ವರ್ಷದ ಮಾತು.

ಆಕಿ ಮದುವಿ ದಿನ ಹಗುರ ಚೌರಿ ಹಾಕ್ಕೊಂಡು, ಬಿಗಿ ಜಗ್ಗದ ಜಡಿ ಹೆಣಸಿಕೊಂಡ್ಲು. ಇಳಕಲ್ ಸೀರಿ ಉಟ್ಟು ಸೆರಗು ತಲಿಮ್ಯಾಲೆ ಹೊತ್ಕೊಂಡಾಗ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಗಸ್ಟ್ ಹೊತ್ತಿಗೆ ಹಣಿಮ್ಯಾಲೆ ಗಿಡ್ಡ ಗಿಡ್ಡ ಕೂದಲ ನೆಟ್ಟಗ ನಿಂತಿದ್ವು. ಅತ್ತಿ ಎಣ್ಣಿ ಹಚ್ಚಿ ಒತ್ತಾಕ ಹೋದ್ರು, ಕೂದಲ ಮುರದಾವ ಅಂತ. ತುದಿ ಚೂಪಾಗಿದ್ವು. ಮುರದ ಕೂದಲಲ್ಲ ಅವು, ಹೊಸಾವು.